ಏಳುನೂರು ಕ್ವಿಂಟಾಲ್ ಕೊಬ್ಬರಿ

ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಆ ಒಂದು ಚಿತ್ರಕ್ಕೆಂದೇ ನಾನು ಹಳದಿ ಚಾಕ್ ಎತ್ತಿಡುತ್ತಿದ್ದೆ. ಮೇಲಕ್ಕೆ ಏರುವ ಗೆರೆ ಬೆಳೆದು ಮಾರುವವರದ್ದು, ಕೆಳಕ್ಕೆ ಇಳಿಯುವ ಗೆರೆ ಕೊಳ್ಳುವವರದ್ದು. ಎರಡೂ ಒಂದನ್ನೊಂದು ದಾಟುವ ಕಡೆ ಮಾರ್ಕೆಟ್ ಬೆಲೆ. ಅದಕ್ಕಿಂತ ಸ್ವಲ್ಪ ಮೇಲೆ, ಬೋರ್ಡಿಗೆ ಅಡ್ಡವಾಗಿ, ಹಳದಿ ಗೆರೆ: ಸರಕಾರದ ಬೆಂಬಲ ಬೆಲೆ. ಆ ಗೆರೆಯ ಮೇಲೆ ಮಾರುವವರಿಗೂ ಕೊಳ್ಳುವವರಿಗೂ ನಡುವೆ ಉಳಿಯುವ ಅಂತರವೇ, ಅಂದರೆ ಕೊಳ್ಳುವವರಿಲ್ಲದ ಮಾಲೇ, ಸರ್‌ಪ್ಲಸ್. ಸರಕಾರ ಅದನ್ನು ಕೊಂಡು ಎಲ್ಲಿಯಾದರೂ ಇಡಬೇಕು. ಎಲ್ಲಿ ಇಡುವುದು ಎಂದು ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಸಿಲೆಬಸ್‌ನಲ್ಲಿ ಅದು ಇರಲಿಲ್ಲ.

ಅದನ್ನು ಕೇಳಿಕೊಂಡು ಬಂದವನು ನನ್ನ ಹಳೆಯ ವಿದ್ಯಾರ್ಥಿ. ಈಗ ಕಡಬದ ಕಡೆಯ ಒಂದು ಸಹಕಾರಿ ಸೊಸೈಟಿಯಲ್ಲಿ ಸೆಕ್ರೆಟರಿ, ತಲೆ ಅರ್ಧ ಬೋಳಾಗಿದೆ. ಕೊಬ್ಬರಿಯ ಬೆಲೆ ಬಿದ್ದುಹೋದ ವರ್ಷ ಅದು. ಪುತ್ತೂರಿನ ದರ್ಬೆಯಲ್ಲಿ ನಮ್ಮ ಮನೆಯ ಗೇಟು ತೆಗೆದು, ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

"ಮೇಡಂ, ನಮ್ಮಲ್ಲಿ ಖರೀದಿ ಕೇಂದ್ರ ತೆರೆಯುತ್ತಾರಂತೆ. ಆದರೆ ಮೊದಲು ಎಸ್ಟಿಮೇಟ್ ಬರೆದು ಕೊಡಬೇಕು. ಎಷ್ಟು ಬರ್ತದೆ, ಎಲ್ಲಿ ಇಡ್ತೀರಿ, ಎರಡೂ. ಇಡ್ಲಿಕ್ಕೆ ತೋರಿಸಿದ ಜಾಗ ತುಂಬಿದ ದಿವಸ ಖರೀದಿ ಬಂದ್. ನೀವೊಮ್ಮೆ ನೋಡಿ ಕೊಡಿ."

"ನೀನು ಎಕನಾಮಿಕ್ಸ್‌ನಲ್ಲಿ ಎಷ್ಟು ತೆಗೆದದ್ದು?"

"ಅದನ್ನು ಈಗ ಯಾಕೆ ಮೇಡಂ ಕೇಳುದು," ಎಂದು ನಕ್ಕ. "ಪಾಸಾಗಿದ್ದೆ."

ಅವನ ಲೆಕ್ಕ ಹೀಗಿತ್ತು. ಮಾರ್ಕೆಟ್‌ನಲ್ಲಿ ಕೊಬ್ಬರಿ ಕಿಲೋಗೆ ಎಂಬತ್ತು ರೂಪಾಯಿ. ಆ ಬೆಲೆಗೆ ಸುತ್ತಲಿನ ಗ್ರಾಮಗಳಿಂದ ಸಾವಿರ ಕ್ವಿಂಟಾಲ್ ಬರುತ್ತದೆ, ಅಷ್ಟನ್ನೂ ಎಣ್ಣೆ ಮಿಲ್ಲಿನವರೂ ಅಂಗಡಿಯವರೂ ಕೊಂಡುಹೋಗುತ್ತಾರೆ. ಬೆಂಬಲ ಬೆಲೆ ದುಂಡಗೆ ನೂರಹತ್ತು ಎಂದು ಇಟ್ಟುಕೊಂಡರೆ, ಹಸಿ ಕಾಯಿಯಾಗಿ ಮಾರುತ್ತಿದ್ದವರೂ ಒಡೆದು ಒಣಗಿಸುತ್ತಾರೆ. ಆಗ ಸಾವಿರದ ನಾನೂರು ಬರುತ್ತದೆ.

"ಮೊದಲು ಸಾವಿರದ ಇನ್ನೂರು ಅಂತ ಹಾಕಿದ್ದೆ ಮೇಡಂ. ಶಾಲೆ ನಡೆಸುವ ನಿಮ್ಮ ಫ್ರೆಂಡ್ ಟೀಚರ್ ಇದ್ದಾರಲ್ಲ, ಅವರು ಹೇಳಿದ್ದು, 'ಗಂಡಸರ ತೋಟ ಮಾತ್ರ ಲೆಕ್ಕ ಹಾಕಿದ್ದೀರಿ, ಹೆಂಗಸರ ಅಟ್ಟ ಬಿಟ್ಟಿದ್ದೀರಿ' ಅಂತ. ವಿಚಾರಿಸಿದ್ರೆ ಹೌದು. ಇನ್ನೂರು ಹೆಚ್ಚಾಯ್ತು."

ನನಗೆ ನಗು ಬಂತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕೊಯ್ದ ಕಾಯಿ ಯಜಮಾನನದ್ದು, ತಾನಾಗಿ ಬಿದ್ದ ಕಾಯಿ ಹೆಂಗಸರದ್ದು. ಯಾರೂ ಬರೆದಿಟ್ಟ ಕಾನೂನಲ್ಲ. ಬೆಳಿಗ್ಗೆ ಸೊಪ್ಪಿಗೆ ಹೋದವಳು ಬುಡದಲ್ಲಿ ಬಿದ್ದದ್ದನ್ನು ಹೆಕ್ಕಿ ತಂದು ಅಟ್ಟಕ್ಕೆ ಹಾಕುತ್ತಾಳೆ. ಬೆಲೆ ಇಲ್ಲದಾಗ ಅದು ಅಲ್ಲಿಯೇ ಕೂತಿರುತ್ತದೆ. ಬೆಲೆ ಬಂದರೆ ಮೊದಲು ಇಳಿಯುವುದು ಅದೇ. ಆದರೆ ಒಡೆಯಲು ಆಳಿಲ್ಲ, ಒಣಗಿಸಲು ಅಂಗಳದಲ್ಲಿ ಜಾಗವಿಲ್ಲ, ಗಂಡಸರದ್ದು ಒಣಗಿ ಗೋಣಿಗೆ ಹೋದ ಮೇಲೆ ಇವರ ಸರದಿ. ಹಾಗಾಗಿ ಖರೀದಿ ಕೇಂದ್ರಕ್ಕೆ ಕೊನೆಗೆ ಬರುವುದೂ ಅದೇ.

"ಹಾಗಾದರೆ ಸರಕಾರಕ್ಕೆ ಎಷ್ಟು ಬೀಳ್ತದೆ?" ಎಂದು ಕೇಳಿದೆ.

"ಸಾವಿರದ ನಾನೂರರಲ್ಲಿ ಸಾವಿರ ಹೋದರೆ ನಾನೂರು ಕ್ವಿಂಟಾಲ್. ಐವತ್ತು ಕಿಲೋದ ಗೋಣಿ ಎಂಟುನೂರು. ನಮ್ಮ ಗೋಡೌನ್ ಹಿಡಿಯುವುದು ಸರಿಯಾಗಿ ಎಂಟುನೂರು! ದೇವರೇ ಲೆಕ್ಕ ಹಾಕಿದ ಹಾಗೆ ಉಂಟು ಮೇಡಂ."

ಪ್ರತಿ ವರ್ಷ ಕ್ಲಾಸಿನ ಅರ್ಧ ಜನ ಮಾಡುತ್ತಿದ್ದ ತಪ್ಪು ಅದು. ಹಳೆಯ ಬೆಲೆಯ ಕೊಳ್ಳುವವರನ್ನು ಹೊಸ ಬೆಲೆಗೆ ಹಾಗೆಯೇ ಕರೆತರುವುದು. ನಾನು ಹಳೆಯ ದನಿಯಲ್ಲೇ ಕೇಳಿದೆ: "ಎಂಬತ್ತಕ್ಕೆ ಸಾವಿರ ಕೊಂಡವರು ನೂರಹತ್ತಕ್ಕೂ ಸಾವಿರವೇ ಕೊಳ್ಳುತ್ತಾರಾ?"

ಅವನು ಪುತ್ತೂರಿನ, ಸುಳ್ಯದ ಮಿಲ್ಲಿನವರಿಗೆ ನಮ್ಮ ಜಗಲಿಯಿಂದಲೇ ಫೋನ್ ಮಾಡಿದ. ಒಬ್ಬರ ದನಿ ನನಗೂ ಕೇಳಿಸಿತು. "ನೂರಹತ್ತು ಕೊಟ್ಟು ಅರೆದರೆ ಆ ಎಣ್ಣೆ ಯಾರು ತಗೊಳ್ಳುದು ಮಾರಾಯ್ರೆ? ಜನ ಪಾಮೋಲಿನ್ ತಗೊಂಡು ಹೋಗ್ತಾರೆ." ಎಲ್ಲರದ್ದೂ ಕೂಡಿಸಿದಾಗ ಏಳುನೂರು ಕ್ವಿಂಟಾಲ್ ಮಾತ್ರ ಖಾಸಗಿಯವರು ಕೊಳ್ಳುವುದು ಎಂದಾಯಿತು. ಸಾವಿರದ ನಾನೂರರಲ್ಲಿ ಏಳುನೂರು ಕಳೆದರೆ, ಸರಕಾರದ ತಲೆಗೆ ಏಳುನೂರು. ಗೋಣಿ ಸಾವಿರದ ನಾನೂರು. ಗೋಡೌನ್ ಎಂಟುನೂರು ಹಿಡಿದರೆ, ಉಳಿದ ಆರುನೂರು ಎಲ್ಲಿ?

"ನಮ್ಮ ಹಾಲ್ ಒಂದು ಉಂಟು ಮೇಡಂ," ಎಂದ. ನನ್ನ ಮುಖ ನೋಡಲಿಲ್ಲ.

ಆ ಹಾಲ್ ನನಗೆ ಗೊತ್ತಿತ್ತು. ನನ್ನ ಗೆಳತಿಯ ಶಾಲೆ ಇದ್ದದ್ದು ಅದರಲ್ಲೇ.

ಅವಳೂ ನಾನೂ ಒಂದೇ ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಸಿಸ್ಟರುಗಳು ನಮಗೆ ಹೊಲಿಗೆ, ಟೇಬಲ್ ಮ್ಯಾನರ್ಸ್, ಉದ್ದುದ್ದ ಪ್ರೇಯರ್ ಎಲ್ಲವನ್ನೂ ಕಲಿಸಿದರು. ನನಗೆ ಹೊಲಿಗೆ ಬರಲಿಲ್ಲ, ಅವಳಿಗೆ ಮ್ಯಾನರ್ಸ್ ಬರಲಿಲ್ಲ. ಈಶ್ವರಮಂಗಲದಿಂದ ಬರುತ್ತಿದ್ದವಳು, ಊಟದ ಡಬ್ಬಿ ಬಿಚ್ಚಿದರೆ ಮಲಯಾಳದಲ್ಲೂ ತುಳುವಿನಲ್ಲೂ ಜೋಕು. ಮದುವೆಯಾಗಿ ಕಡಬದ ಕಡೆಗೆ ಹೋದಳು. ಗಂಡ ತೀರಿಕೊಂಡ ಮೇಲೆ ಬುದ್ಧಿ ಬೆಳೆಯದ ಮಕ್ಕಳಿಗಾಗಿ ಒಂದು ಶಾಲೆ ತೆಗೆದಳು. ಸೊಸೈಟಿಯವರು ಮಹಾಸಭೆಗೆಂದು ಕಟ್ಟಿಸಿ ಖಾಲಿ ಬಿಟ್ಟಿದ್ದ ಹಾಲನ್ನು ಬಾಡಿಗೆ ಇಲ್ಲದೆ ಕೊಟ್ಟಿದ್ದರು. ಬಸ್‌ಸ್ಟ್ಯಾಂಡಿಗೆ ಹತ್ತಿರ, ನೆಲ ಸಪಾಟು, ಮೆಟ್ಟಿಲಿಲ್ಲ. ಅಂಥ ಮಕ್ಕಳನ್ನು ನೋಡಿಕೊಂಡವರಿಗೆ ಮೆಟ್ಟಿಲಿಲ್ಲದ ಜಾಗ ಎಂದರೆ ಏನೆಂದು ತಿಳಿಯುತ್ತದೆ.

ಅಲ್ಲಿ ಒಬ್ಬ ಹುಡುಗಿ ಇದ್ದಳು. ಹುಡುಗಿ ಎನ್ನಬೇಕೋ ಏನೋ, ಇಪ್ಪತ್ತು ದಾಟಿತ್ತು. ಮಾತಿಲ್ಲ. ತಾಯಿ ವಿಧವೆ, ರಸ್ತೆ ಬದಿಯಲ್ಲಿ ಒಂದು ಎಕ್ರೆ ತೆಂಗು, ಪಹಣಿ ಅವಳ ಹೆಸರಿನಲ್ಲೇ. ಮಗಳನ್ನು ಬಿಟ್ಟು ಕೆಲಸಕ್ಕೆ ಹೋದರೆ ಮಗಳು ರಸ್ತೆಗೆ ಓಡುತ್ತಿದ್ದಳು. ಬಸ್ಸಿನ ಸದ್ದು ಅವಳಿಗೆ ಇಷ್ಟ. ಶಾಲೆಗೆ ಬಂದ ಮೇಲೆ ಗೆಳತಿ ಅವಳಿಗೆ ಒಂದು ಡ್ಯೂಟಿ ಕೊಟ್ಟಳು: ಊಟದ ಗಂಟೆ. ಜೋತುಬಿಟ್ಟ ಕಬ್ಬಿಣದ ತುಂಡಿಗೆ ಚಮಚದಲ್ಲಿ ಹೊಡೆಯುವುದು. ಅವಳು ಗಡಿಯಾರ ನೋಡುತ್ತಿರಲಿಲ್ಲ. ಅನ್ನದ ಪರಿಮಳ ಬಂದರೆ ಎದ್ದು ಹೋಗಿ ಹೊಡೆಯುತ್ತಿದ್ದಳು. ಕೂಡಲೇ ಗೆಳತಿ, "ಕೈ ತೊಳೆಯುವಾ, ಬನ್ನಿ!" ಎಂದು ಕೂಗುತ್ತಿದ್ದಳು. ಸಾಲಾಗಿ ಎಲ್ಲರೂ ನಳ್ಳಿಯ ಹತ್ತಿರ ಹೋಗುತ್ತಿದ್ದರು. ಆ ಸಾಲು ಕಟ್ಟಲು ಕಲಿಯುವುದಕ್ಕೆ ಅವರಿಗೆ ವರ್ಷಗಳು ಹಿಡಿದಿದ್ದವು.

ಎಸ್ಟಿಮೇಟಿನ ಸುದ್ದಿ ನಾನು ಹೋಗುವ ಮೊದಲೇ ಗೆಳತಿಯನ್ನು ಮುಟ್ಟಿತ್ತು. ನಾನು ಹೋದಾಗ ಹಾಲಿನ ಬಾಗಿಲಲ್ಲೇ ನಿಂತಿದ್ದಳು.

"ಬಂದೆಯಾ, ಪ್ರೊಫೆಸರಮ್ಮ. ನಾನೂರು ಅಂತ ಇದ್ದದ್ದನ್ನು ಏಳುನೂರು ಮಾಡಿದ್ದು ನೀನೇ ಅಂತಲ್ಲ?"

"ಮಾಡಿದ್ದಲ್ಲ ಮಾರಾಯ್ತಿ. ಇದ್ದದ್ದೇ ಏಳುನೂರು."

"ಅದನ್ನು ನಾನೂರು ಅಂತಲೇ ಬಿಟ್ಟರೆ ಎಂತ ಆಗ್ತದೆ? ಗೋಡೌನಿಗೆ ಹಿಡಿಸ್ತದಲ್ಲ. ಸಿಸ್ಟರ್ ಬಂದು ನಿನ್ನ ಮಾರ್ಕ್ಸ್ ಕಡಿಮೆ ಮಾಡ್ತಾರಾ?"

"ಡೋಂಟ್ ಬಿ ಸಿಲ್ಲಿ."

"ಸಿಲ್ಲಿ ಅಲ್ಲ. ಕೇಳ್ತಾ ಇದ್ದೇನೆ. ಈ ಜನ್ಮದಲ್ಲಿ ನಿನ್ನ ಹತ್ತಿರ ಎಂತ ಕೇಳಿದ್ದೇನೆ ನಾನು?"

ನಿಜವಾಗಿಯೂ ಏನನ್ನೂ ಕೇಳಿರಲಿಲ್ಲ. ನಾವು ಒಳಗೆ ಹೋಗಿ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಕೂತೆವು. ನಾನು ಅವಳಿಗೆ ಹಾಳೆಯ ಮೇಲೆ ಅದೇ ಚಿತ್ರ ಬರೆದು ತೋರಿಸಿದೆ. ಈ ಬೆಲೆ ಸಿಕ್ಕಿದರೆ ರೈತರಿಗೆ ಎಷ್ಟು ಲಾಭ ಎಂದು ಅವಳಿಗೆ ಗೊತ್ತಾಗಬೇಕಿತ್ತು. ಕ್ವಿಂಟಾಲಿಗೆ ಮೂರು ಸಾವಿರ ಹೆಚ್ಚು. ಹೇಗೂ ಮಾರುತ್ತಿದ್ದ ಸಾವಿರ ಕ್ವಿಂಟಾಲಿಗೆ ಮೂವತ್ತು ಲಕ್ಷ. ಹೊಸದಾಗಿ ಬರುವ ನಾನೂರಕ್ಕೆ ಪೂರ್ತಿ ಮೂರು ಸಾವಿರ ಲಾಭ ಅಲ್ಲ, ಅದನ್ನು ಒಡೆದು ಒಣಗಿಸುವ ಖರ್ಚು, ಹಸಿ ಕಾಯಿಯಾಗಿ ಮಾರಿದ್ದರೆ ಸಿಗುತ್ತಿದ್ದದ್ದು ಕಳೆಯಬೇಕು, ಸರಾಸರಿ ಅರ್ಧ ಹಿಡಿದರೆ ಆರು ಲಕ್ಷ. ಒಟ್ಟು ಮೂವತ್ತಾರು.

"ಸರಕಾರಕ್ಕೆ?"

"ಏಳುನೂರು ಕ್ವಿಂಟಾಲ್, ಹನ್ನೊಂದು ಸಾವಿರದ ಹಾಗೆ. ಎಪ್ಪತ್ತೇಳು ಲಕ್ಷ. ಅದರ ಮೇಲೆ ಗೋಣಿ, ಹಮಾಲಿ, ಗೋಡೌನ್ ಬಾಡಿಗೆ, ಹುಳಕ್ಕೆ ಮದ್ದು. ಕೂತಷ್ಟೂ ಕೊಬ್ಬರಿ ಒಣಗಿ ತೂಕ ಇಳಿಯುತ್ತದೆ, ಅದೂ ನಷ್ಟ."

"ಮೂವತ್ತಾರು ಕೊಡ್ಲಿಕ್ಕೆ ಎಪ್ಪತ್ತೇಳು ಖರ್ಚು ಮಾಡುದು. ಇದಕ್ಕಿಂತ ನನ್ನ ಮಕ್ಕಳು ಚೆನ್ನಾಗಿ ಲೆಕ್ಕ ಮಾಡ್ತಾರೆ."

"ಕೊಬ್ಬರಿ ಕೈಯಲ್ಲಿ ಇರ್ತದಲ್ಲ, ಮುಂದೆ ಮಾರಬಹುದು."

"ಯಾವಾಗ?"

ಅದಕ್ಕೆ ನನ್ನ ಬಳಿ ಉತ್ತರ ಇತ್ತು, ಹೇಳಲು ಮನಸ್ಸಿರಲಿಲ್ಲ. ಇದೇ ಪೇಟೆಯಲ್ಲಿ ಕೂಡಲೇ ಮಾರಿದರೆ ಎತ್ತಿ ನಿಲ್ಲಿಸಿದ ಬೆಲೆ ಮತ್ತೆ ಬೀಳುತ್ತದೆ. ಬೆಲೆ ನಿಲ್ಲಬೇಕಾದರೆ ಕೊಬ್ಬರಿ ಕತ್ತಲಲ್ಲಿ ಕೂತಿರಬೇಕು.

"ನಾನೂರು ಅಂತ ಬರೆದರೆ," ಎಂದೆ ನಿಧಾನಕ್ಕೆ, "ಎಂಟುನೂರು ಗೋಣಿಗೆ ಖರೀದಿ ನಿಲ್ಲುತ್ತದೆ. ಮೊದಲು ಯಾರದ್ದು ಬರ್ತದೆ ಹೇಳು. ದೊಡ್ಡ ತೋಟದವರದ್ದು. ಡ್ರೈಯರ್ ಇದ್ದವರದ್ದು. ಕೊನೆಗೆ ಬರುವುದು..."

"ಅಟ್ಟದ್ದು," ಎಂದಳು ಅವಳು.

ಹೊರಗೆ ಅಂಗಳದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ತಾಯಂದಿರು ಬಂದು ಕೂತಿದ್ದರು. ಅವರ ಮಾತು ಕೇಳಿಸುತ್ತಿತ್ತು. ಅಟ್ಟದಿಂದ ಕಾಯಿ ಇಳಿಸಿದ್ದು, ಇಲಿ ತಿಂದದ್ದು, ಬಿಸಿಲು ಸಾಕಾಗದ್ದು. ಗಂಟೆ ಹೊಡೆಯುವ ಹುಡುಗಿಯ ತಾಯಿಯದ್ದೇ ದೊಡ್ಡ ದನಿ: "ನನ್ನದು ಇನ್ನೂ ಒಣಗ್ಲಿಕ್ಕೆ ಉಂಟು. ಕೇಂದ್ರ ಬಾಗಿಲು ಹಾಕುವ ಮೊದಲು ಆದರೆ ನನ್ನ ಪುಣ್ಯ." ಮತ್ತೊಬ್ಬಳು ಕೆಣಕಿದಳು, "ನಿನಗೆ ಎಂತ ಅವಸರ, ಚಿನ್ನ ಮಾಡಿಸ್ತೀಯಾ?" ಎಲ್ಲರೂ ನಕ್ಕರು.

ಗೆಳತಿ ಅವರ ನಗುವನ್ನು ಪೂರ್ತಿ ಕೇಳಿದಳು. ಆಮೇಲೆ ನನ್ನ ಹಾಳೆಯನ್ನು ನನ್ನ ಕಡೆಗೆ ತಳ್ಳಿದಳು.

"ಬರೆ ಏಳುನೂರು. ಆ ಅಟ್ಟದ ಮಾತು ಎತ್ತಿದ್ದೇ ನಾನು. ಈಗ ಬೇಡ ಅನ್ಲಿಕ್ಕೆ ಆಗ್ತದಾ?"

ಮಳೆಗಾಲದ ಮೊದಲು ಹಾಲ್ ಖಾಲಿ ಮಾಡಿಕೊಡುತ್ತೇವೆ ಎಂದು ಸೊಸೈಟಿಯ ಅಧ್ಯಕ್ಷರು ಅವಳಿಗೆ ಮಾತು ಕೊಟ್ಟರು. ಸಜ್ಜನ ಮನುಷ್ಯ, ಕೈ ಮುಗಿದೇ ಹೇಳಿದರು. "ಟೀಚರೇ, ನನ್ನ ಮನೆ ಬೇಕಾದರೂ ಬಿಟ್ಟುಕೊಡುವೆ, ಆದರೆ ಅದಕ್ಕೆ ಇಪ್ಪತ್ತು ಮೆಟ್ಲು ಉಂಟು." ಮಕ್ಕಳನ್ನು ಗೆಳತಿಯ ಮನೆಯ ಜಗಲಿಗೆ ಸಾಗಿಸುವುದೆಂದಾಯಿತು. ಅವಳ ಮನೆ ಗುಡ್ಡದ ಮೇಲೆ. ವ್ಯಾನ್ ಅರ್ಧದವರೆಗೆ ಮಾತ್ರ ಹೋಗುತ್ತಿತ್ತು.

ಕೇಂದ್ರ ತೆರೆಯಿತು. ಆಟೋರಿಕ್ಷಾ, ಪಿಕಪ್, ಜೀಪು, ಸುಳ್ಯದ ರಸ್ತೆಯವರೆಗೆ ಸಾಲು. ಕೊಬ್ಬರಿ ಮುರಿದು ತೇವ ನೋಡುವುದು, ಹಸಿ ಇದ್ದದ್ದನ್ನು ಒಣಗಿಸಿ ತನ್ನಿ ಎಂದು ವಾಪಸು ಕಳುಹಿಸುವುದು, ಜಗಳ, ಚಹಾ. ಮಿಲ್ಲಿನವರಿಗೂ ನೂರಹತ್ತು ಕೊಡದೆ ಬೇರೆ ದಾರಿ ಇರಲಿಲ್ಲ, ಕೊಡದಿದ್ದರೆ ಕೊಬ್ಬರಿ ಸೀದಾ ಕೇಂದ್ರಕ್ಕೆ ಹೋಗುತ್ತಿತ್ತು. ಅವರು ಕೊಂಡದ್ದೂ ಕಡಿಮೆಯಾಯಿತು, ಅಂಗಡಿಯಲ್ಲಿ ಎಣ್ಣೆಯ ಬೆಲೆಯೂ ಏರಿತು. ದರ್ಬೆಯ ಅಂಗಡಿಯಲ್ಲಿ ನಾನೇ ಹೆಚ್ಚು ಕೊಟ್ಟು ತಂದೆ. ಕೊನೆಯಲ್ಲಿ ಹೆಂಗಸರು ಬಂದರು, ತಲೆಯ ಮೇಲೆ ಅರ್ಧ ಅರ್ಧ ಗೋಣಿ. ಒಬ್ಬರನ್ನೂ ಜಾಗವಿಲ್ಲ ಎಂದು ವಾಪಸು ಕಳುಹಿಸಲಿಲ್ಲ. ನನ್ನ ಲೆಕ್ಕ ಹೆಚ್ಚುಕಡಿಮೆ ಸರಿಯಾಯಿತು. ಸೆಕ್ರೆಟರಿ ಫೋನಿನಲ್ಲಿ ಕೂಗಿದ, "ಮೇಡಂ, ನೂರಕ್ಕೆ ನೂರು!" ಗೋಡೌನು ತುಂಬಿ, ಹಾಲಿನ ಕಿಟಕಿಯವರೆಗೆ ಗೋಣಿ ನಿಂತಿತು. ಊಟದ ಗಂಟೆಯ ಕಬ್ಬಿಣದ ತುಂಡು ಗೋಣಿಗಳ ಹಿಂದೆ ಎಲ್ಲೋ ಉಳಿದುಹೋಯಿತು. ಯಾರಿಗೂ ಆಗ ನೆನಪಾಗಲಿಲ್ಲ.

ಗೋಣಿ ಒಯ್ಯಬೇಕಾದ ಲಾರಿ ಬರಲಿಲ್ಲ. ಮಂಗಳೂರಿನ ದೊಡ್ಡ ಗೋದಾಮು ಭರ್ತಿ ಎಂದರು. ಮಳೆ ಬಂತು. ನಮ್ಮ ಕಡೆಯ ಮಳೆಯಲ್ಲಿ ಉಪ್ಪೇ ನೀರಾಗುವಾಗ ಕೊಬ್ಬರಿ ಏನು ಉಳಿದೀತು. ಬೂಷ್ಟು ಹಿಡಿಯಿತು, ಕೆಂಪು ಕಾಲಿನ ಹುಳ ಬಂತು. ತಾಡಪಾಲು ಮುಚ್ಚಿ ಗುಳಿಗೆಯ ವಿಷ ಇಟ್ಟರು, ಬಾಗಿಲಿಗೆ 'ಡೇಂಜರ್' ಬೋರ್ಡು ಹಾಕಿದರು. ಆ ಬಾಗಿಲಲ್ಲಿ ಮೊದಲು ಮಕ್ಕಳು ಬಣ್ಣ ಹಚ್ಚಿದ ಸೂರ್ಯನ ಚಿತ್ರ ಇತ್ತು. ಎರಡನೆಯ ಮಳೆಗಾಲಕ್ಕೂ ಗೋಣಿಗಳು ಅಲ್ಲೇ ಇದ್ದವು. ಆಮೇಲೆ ಟೆಂಡರ್ ಕರೆದು, ಯಾರೋ ಸೋಪಿನವರಿಗೆ, ಹಾಕಿದ ದುಡ್ಡಿನ ಅರ್ಧಕ್ಕೂ ಕಡಿಮೆಗೆ ಕೊಟ್ಟರು. ಹಾಲನ್ನು ತೊಳೆದು ಗೆಳತಿಗೆ ಬೀಗದ ಕೈ ವಾಪಸು ಕೊಟ್ಟರು.

ಕೊಡುವಾಗ ತೆಗೆದುಕೊಳ್ಳಲು ಶಾಲೆಯೇ ಇರಲಿಲ್ಲ. ಗುಡ್ಡ ಹತ್ತಲಾರದ ಮಕ್ಕಳು ಮೊದಲ ತಿಂಗಳಲ್ಲೇ ನಿಂತುಹೋಗಿದ್ದರು. ಹಾಜರಿ ಕಡಿಮೆಯಾಗಿ ಇಲಾಖೆಯ ಸಹಾಯಧನ ನಿಂತಿತು. ಇಬ್ಬರು ಟೀಚರುಗಳು ಸಂಬಳವಿಲ್ಲದೆ ಬೇರೆ ಕೆಲಸ ಹುಡುಕಿಕೊಂಡರು. ಹಾಲಿನ ನೆಲಕ್ಕೆ ಎಣ್ಣೆ ಇಳಿದು ಕಾಲಿಟ್ಟರೆ ಜಾರುತ್ತಿತ್ತು. ಗೆಳತಿ ಒಮ್ಮೆ ಒಳಗೆ ಹೋಗಿ, ಗೋಡೆ ಹಿಡಿದುಕೊಂಡು ತುದಿಯವರೆಗೆ ನಡೆದು, ಆ ಕಬ್ಬಿಣದ ತುಂಡನ್ನು ಮುಟ್ಟಿ ನೋಡಿ ಹೊರಗೆ ಬಂದಳು. ತುಕ್ಕಿನ ಮೇಲೆ ಎಣ್ಣೆ. ಅಳಲಿಲ್ಲ. "ವಾಸನೆ ಹೋಗುದಿಲ್ಲ ಇದು," ಎಂದಳು ಅಷ್ಟೆ.

ನನ್ನ ಮೇಲೆ ಅವಳಿಗೆ ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಏಳುನೂರು ಎಂದು ಬರೆದದ್ದು ತಪ್ಪಾ ಎಂದು ಎಷ್ಟು ಸಲ ಕೇಳಿಕೊಂಡರೂ ತಪ್ಪು ಸಿಕ್ಕುವುದಿಲ್ಲ. ತಪ್ಪು ಸಿಕ್ಕಿದ್ದರೆ ಕ್ಷಮೆಯನ್ನಾದರೂ ಕೇಳಬಹುದಿತ್ತು.

ಹೋದ ಬೇಸಿಗೆಯಲ್ಲಿ ಇಬ್ಬರೂ ಕಡಬದಿಂದ ಬರುತ್ತಿದ್ದಾಗ ಗೆಳತಿ ಆಟೋ ನಿಲ್ಲಿಸಲು ಹೇಳಿದಳು. ರಸ್ತೆ ಬದಿಯಲ್ಲಿ ಗಂಟೆ ಹೊಡೆಯುತ್ತಿದ್ದ ಹುಡುಗಿಯ ತಾಯಿಯ ಮನೆ. ನಮ್ಮನ್ನು ಕಂಡದ್ದೇ ಸೆರಗಿಗೆ ಕೈ ಒರೆಸಿಕೊಂಡು ಓಡಿ ಬಂದಳು.

"ಅಯ್ಯೋ ಟೀಚರೇ! ಎಷ್ಟು ಸಮಯ ಆಯ್ತು! ಬನ್ನಿ, ಒಳಗೆ ಬನ್ನಿ. ಇವರು ನಿಮ್ಮ ಫ್ರೆಂಡ್ ಅಲ್ವಾ, ಆ ಲೆಕ್ಕ ಮಾಡಿ ಕೊಟ್ಟವರು? ಸೆಕ್ರೆಟರಿ ಹೇಳಿದ್ರು, ನೀವು ಬರೆದದ್ದರಿಂದ ನಮ್ಮದೆಲ್ಲ ಮಾರಿಹೋಯ್ತಂತೆ, ಇಲ್ಲದಿದ್ರೆ ಕೇಂದ್ರ ಮೊದಲೇ ಬಂದ್ ಆಗ್ತಿತ್ತಂತೆ. ನಿಮ್ಮ ಉಪಕಾರ ಮರೆಯುದಿಲ್ಲ ನಾವು."

"ಒಳ್ಳೆದಾಯ್ತಲ್ಲ," ಎಂದೆ. "ಆ ದುಡ್ಡಲ್ಲಿ ಎಂತ ಮಾಡಿದಿರಿ?"

ಅವಳು ಹೆಮ್ಮೆಯಿಂದ ತಿರುಗಿ ಜಗಲಿ ತೋರಿಸಿದಳು. ನೆಲದಿಂದ ಮಾಡಿನವರೆಗೆ ಕಬ್ಬಿಣದ ಗ್ರಿಲ್ಲು. ಹಸಿರು ಪೈಂಟ್ ಇನ್ನೂ ಹೊಳೆಯುತ್ತಿತ್ತು. ಹೊರಗಿನಿಂದ ಬೀಗ.

"ಅದನ್ನೇ ಮಾಡಿಸಿದ್ದು. ಶಾಲೆ ಇಲ್ವಲ್ಲ ಟೀಚರೇ, ಇಡೀ ದಿವಸ ಮನೆಯಲ್ಲಿ. ಬಸ್ಸು ಕಂಡ್ರೆ ಓಡ್ತಾಳೆ. ಈಗ ಬೀಗ ಹಾಕಿ ನಾನು ನೆಮ್ಮದಿಯಲ್ಲಿ ಕೆಲಸಕ್ಕೆ ಹೋಗ್ತೇನೆ. ಬಿದ್ದ ಕಾಯಿಯ ದುಡ್ಡು, ಅದಕ್ಕೆ ಸರಿ ಆಯ್ತು."

ಗ್ರಿಲ್ಲಿನ ಹಿಂದೆ ಮಗಳು ಕೂತಿದ್ದಳು. ದಪ್ಪಗಾಗಿದ್ದಳು, ಕೂದಲು ಗಿಡ್ಡ ಕತ್ತರಿಸಿದ್ದರು. ಗೆಳತಿಯ ಗುರುತು ಹಿಡಿದಳೋ ಇಲ್ಲವೋ, ಮುಖದಲ್ಲಿ ಕಾಣಲಿಲ್ಲ. ರಸ್ತೆಯಲ್ಲಿ ಸುಬ್ರಹ್ಮಣ್ಯದ ಬಸ್ಸು ಹೋಯಿತು. ಅವಳು ಏಳಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ.

ತಾಯಿ ಒಳಗೆ ಅನ್ನ ಬಸಿಯಲು ಹೋದಳು. ಗಂಜಿಯ ಪರಿಮಳ ಹೊರಗೆ ಬಂತು. ಆಗ ಹುಡುಗಿ ಎದ್ದಳು. ಮೂಲೆಯಲ್ಲಿದ್ದ ಚಮಚ ಹೆಕ್ಕಿ, ಗ್ರಿಲ್ಲಿನ ಹತ್ತಿರ ಬಂದು, ಹಸಿರು ಸರಳಿಗೆ ಹೊಡೆಯತೊಡಗಿದಳು. ಹೊಡೆದಲ್ಲಿ ಪೈಂಟ್ ಹೋಗಿ ಕಬ್ಬಿಣ ಕಾಣುತ್ತಿತ್ತು. ದಿನವೂ ಅದೇ ಜಾಗಕ್ಕೆ ಹೊಡೆಯುತ್ತಾಳೆ ಎಂದು ನನಗೆ ತಿಳಿಯಿತು.

ಗೆಳತಿ ಅಂಗಳದ ಬಾಲ್ದಿಯಿಂದ ಒಂದು ಚೆಂಬು ನೀರು ತೆಗೆದುಕೊಂಡಳು. ಗ್ರಿಲ್ಲಿನ ಬಳಿ ಹೋಗಿ ನಿಂತು, ಸರಳುಗಳ ನಡುವೆ ಒಂದು ಕೈ ಚಾಚಿದಳು. ಮೆಲ್ಲನೆ ಕರೆದಳು.

"ಕೈ ತೊಳೆಯುವಾ, ಬನ್ನಿ."

ಹುಡುಗಿ ಚಮಚ ಕೆಳಗೆ ಹಾಕಿ, ಎರಡೂ ಕೈಗಳನ್ನು ಸರಳುಗಳ ನಡುವಿನಿಂದ ಹೊರಗೆ ಚಾಚಿದಳು. ಆಮೇಲೆ ಹಿಂದಕ್ಕೆ ತಿರುಗಿ ನೋಡಿದಳು, ಸಾಲಿನಲ್ಲಿ ತನ್ನ ಹಿಂದೆ ಯಾರು ನಿಂತಿದ್ದಾರೆ ಎಂದು.